ಎರಡು ಟ್ರೇಲರ್ ಕಬ್ಬಿನ ಟ್ರ್ಯಾಕ್ಟರ್ ಮುಂದೆ ಇದ್ದಾಗ ಓವರ್‌ಟೇಕ್: ಎಷ್ಟು ಖಾಲಿ ರಸ್ತೆ ಬೇಕು?

ಹೊಸಸ್ಟೇರಿಂಗ್
ಮದ್ದೂರು–ಮಳವಳ್ಳಿ ರಸ್ತೆ, ಕೆ.ಎಂ. ದೊಡ್ಡಿ ಆಸುಪಾಸು. ಫ್ಯಾಕ್ಟರಿ ಶುರುವಾದರೆ ಟ್ರ್ಯಾಕ್ಟರ್‌ಗಳ ಸಾಲು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಕಬ್ಬು ಎರಡೂ ಕಡೆ ಜೋತು ಬಿದ್ದಿರುತ್ತೆ, ವೇಗ 20 ದಾಟಲ್ಲ. ಸಣ್ಣ ಪೆಟ್ರೋಲ್ ಕಾರು, ಒಳಗೆ ನಾಲ್ಕು ಜನ, ಎಸಿ ಆನ್. ಎದುರು ಎಷ್ಟು ದೂರ ಖಾಲಿ ಇದ್ದರೆ ಹೊರಗೆ ಬರಬಹುದು? "ಅಂದಾಜು ಬರುತ್ತೆ, ಅಭ್ಯಾಸ ಆಗುತ್ತೆ" ಅನ್ನೋ ಉತ್ತರ ಬೇಡ, ಅದನ್ನ ಎಲ್ಲರೂ ಹೇಳ್ತಾರೆ. ಲೆಕ್ಕ ಬೇಕು. ಇನ್ನೊಂದು ಪ್ರಶ್ನೆ: ನನ್ನನ್ನೇ ಯಾರಾದರೂ ಓವರ್‌ಟೇಕ್ ಮಾಡ್ತಿರುವಾಗ ಎದುರಿಗೆ ಗಾಡಿ ಬಂದರೆ ನಾನು ಬ್ರೇಕ್ ಹಾಕಬೇಕಾ, ಹಾಗೇ ಹೋಗಬೇಕಾ?

ಸಿಕ್ಸ್‌ಲೇನ್
ಬಲಗಡೆ ಲೇನ್‌ನಲ್ಲಿ ನಿಧಾನ ಹೋಗೋರು ಬಿಡಲ್ಲ ಅಂದರೆ ಡಿಪ್ಪರ್ ಹೊಡೀರಿ, ಬಿಡಲಿಲ್ಲ ಅಂದರೆ ಮಧ್ಯದ ಲೇನ್‌ನಿಂದ ಹೋಗಿ. ಬೆಂಗಳೂರು–ಮೈಸೂರು ಹೈವೇಲಿ ಎಲ್ಲರೂ ಮಾಡೋದು ಅದೇ. ಟ್ರ್ಯಾಕ್ಟರ್‌ಗೆ ಅಲ್ಲಿ ಎಂಟ್ರಿನೇ ಇಲ್ಲವಲ್ಲ, 2023ರ ಆಗಸ್ಟ್‌ನಿಂದ ಬಂದ್ ಮಾಡಿದ್ದಾರೆ.

ಹಳೇಕ್ಲಚ್
ಸಿಕ್ಸ್‌ಲೇನ್ ಅವರೇ, ಪ್ರಶ್ನೆ ಆ ರಸ್ತೆದಲ್ಲ. ಮಧ್ಯೆ ಡಿವೈಡರ್ ಇದ್ದರೆ ಎದುರಿನ ಗಾಡಿ ಅನ್ನೋ ಸಮಸ್ಯೆಯೇ ಇಲ್ಲ. ಅವರು ಕೇಳ್ತಿರೋದು ಹೋಗೋಕೊಂದು ಬರೋಕೊಂದು ಲೇನ್ ಇರೋ ರಸ್ತೆ. ಅಲ್ಲಿ ಓವರ್‌ಟೇಕ್ ಅಂದರೆ ಎದುರಿನವನ ಜಾಗದಲ್ಲಿ ಕೆಲವು ಸೆಕೆಂಡ್ ಇರೋದು.

ಮೇಡಂ, ನೀವು ಕೇಳಿದ ಗಾಡಿಯನ್ನೇ ಹಿಡಿದು ಲೆಕ್ಕ ಮಾಡೋಣ. ಟ್ರ್ಯಾಕ್ಟರ್, ಎರಡು ಟ್ರೇಲರ್, ಹಿಂದೆ ಜೋತ ಕಬ್ಬು ಸೇರಿ ಸುಮಾರು 17 ಮೀಟರ್ ಅಂದುಕೊಳ್ಳಿ. ನೀವು 12 ಮೀಟರ್ ಹಿಂದೆ ಇದ್ದೀರಿ. ದಾಟಿದ ಮೇಲೆ ಇನ್ನೊಂದು 12 ಮೀಟರ್ ಮುಂದೆ ಹೋಗಿ ಎಡಕ್ಕೆ ಬರ್ತೀರಿ. ನಿಮ್ಮ ಕಾರು 4 ಮೀಟರ್. ಎಲ್ಲ ಕೂಡಿದರೆ 45 ಮೀಟರ್. ಟ್ರ್ಯಾಕ್ಟರ್ ನಿಂತೇ ಇದ್ದಿದ್ದರೆ ನೀವು ಓಡಬೇಕಾದ್ದು ಇಷ್ಟೇ. ಆದರೆ ಅದೂ ಓಡ್ತಾ ಇದೆ.

20ರ ವೇಗದಲ್ಲಿ ಅದರ ಹಿಂದೆ ಇದ್ದು, ಸೆಕೆಂಡ್ ಗೇರಲ್ಲಿ ಎಳೆದು 55ಕ್ಕೆ ತರೋಕೆ ನಾಲ್ಕು ಜನ ಕೂತ ಸಣ್ಣ ಕಾರಿಗೆ ಆರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಆ 45 ಮೀಟರ್ ಮುಗಿಯುವಾಗ ಸುಮಾರು 8 ಸೆಕೆಂಡ್ ಆಗಿರುತ್ತೆ. ಅಷ್ಟರಲ್ಲಿ ನೀವು ರಸ್ತೆ ಮೇಲೆ ಓಡಿದ್ದು 90 ಮೀಟರ್.

ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸ್ತಾರೆ. "ನೂರು ಮೀಟರ್ ಖಾಲಿ ಇದೆ, ಸಾಕು" ಅಂತ ಹೊರಗೆ ಬರ್ತಾರೆ. ಅದೇ 8 ಸೆಕೆಂಡಲ್ಲಿ ಎದುರಿನ ಕಾರು 80ರಲ್ಲಿ ಬರ್ತಿದ್ದರೆ 180 ಮೀಟರ್ ನುಂಗಿರುತ್ತೆ. 90 ಮತ್ತು 180, ಅಲ್ಲಿಗೆ 270. ಇದು ನೀವು ಎಡಕ್ಕೆ ಬರೋದಕ್ಕೂ ಅವನು ಪಕ್ಕದಲ್ಲಿ ಹಾದುಹೋಗೋದಕ್ಕೂ ಸರಿಹೋಗೋ ಲೆಕ್ಕ, ಕೂದಲೆಳೆ ಅಂತರ. ನೀವು ಎಡಕ್ಕೆ ಸೇರಿದ ಮೇಲೂ ಇಬ್ಬರ ನಡುವೆ 3 ಸೆಕೆಂಡ್ ಉಳಿಯಬೇಕು. ಇಬ್ಬರೂ ಒಬ್ಬರ ಕಡೆಗೊಬ್ಬರು ಓಡ್ತಿರೋದರಿಂದ ಆ 3 ಸೆಕೆಂಡ್ ಅಂದರೆ 110 ಮೀಟರ್. ಒಟ್ಟು 380 ಮೀಟರ್.

20ರಲ್ಲಿ ಹೋಗೋ ಟ್ರ್ಯಾಕ್ಟರ್ ದಾಟೋಕೆ ಹೆಚ್ಚೂಕಮ್ಮಿ 400 ಮೀಟರ್ ಕಣ್ಣಿಗೆ ಕಾಣೋ ಖಾಲಿ ರಸ್ತೆ ಬೇಕು. ಇದು ನಿಮ್ಮ ಉತ್ತರ.

ಥರ್ಡ್‌ಗೇರ್
400 ಮೀಟರ್ ಕಾಯ್ತಾ ಕೂತರೆ ಮಳವಳ್ಳಿಗೆ ಸಾಯಂಕಾಲ ಮುಟ್ತೀರ 😄 ಅಷ್ಟೆಲ್ಲ ಬೇಡ ಗುರು. ಅವರು ಹೇಳಿದ ಲೆಕ್ಕದಲ್ಲಿ ತಪ್ಪು ಇರೋದು ಗಾಡಿ ಬಾಲ ಹಿಡಿದು 20ರಿಂದ ಶುರು ಮಾಡೋದು. ಹಿಂದಿನಿಂದಲೇ ರನ್ ತಗೊಂಡು 60ರಲ್ಲಿ ಬನ್ನಿ, ಎದುರು ಖಾಲಿ ಕಂಡರೆ ಹಾಗೇ ತೇಲಿಸಿಕೊಂಡು ಹೋಗಿ. ನಾಲ್ಕು ಸೆಕೆಂಡ್ ಕೆಲಸ. ಹತ್ತಿರ ಹೋಗಿ ಬ್ರೇಕ್ ಹಾಕಿ ಮತ್ತೆ ಎಳೆಯೋರೇ ಜಾಸ್ತಿ ಹೊತ್ತು ಎದುರಿನ ಲೇನಲ್ಲಿ ಇರ್ತಾರೆ.

ಹಳೇಕ್ಲಚ್
ಅರ್ಧ ಒಪ್ಪಿದೆ. ಬಾಲ ಹಿಡಿಯಬಾರದು ಅನ್ನೋದು ನೂರಕ್ಕೆ ನೂರು. ಬಸ್ಸಿನ ಲೆಕ್ಕದಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತೆ. 50ರಲ್ಲಿ ಹೋಗ್ತಿರೋ 12 ಮೀಟರ್ ಬಸ್ಸನ್ನ ಮೊದಲೇ 70ರಲ್ಲಿದ್ದು ದಾಟಿದರೆ ಸುಮಾರು 8 ಸೆಕೆಂಡ್. ಅದರ ಹಿಂದೆಯೇ 50ರಲ್ಲಿ ಅಂಟಿಕೊಂಡಿದ್ದು ಅಲ್ಲಿಂದ ಎಳೆದರೆ 11 ಸೆಕೆಂಡ್. ಆ ಮೂರು ಸೆಕೆಂಡಿಗೆ ರಸ್ತೆಯಲ್ಲಿ ನೂರು ಮೀಟರ್ ಜಾಸ್ತಿ ಬೇಕು: ಮೊದಲನೆಯದಕ್ಕೆ 470 ಸಾಕಾದರೆ ಎರಡನೆಯದಕ್ಕೆ 570.

ಆದರೆ "60ರಲ್ಲಿ ಬನ್ನಿ, ಖಾಲಿ ಕಂಡರೆ ಹೋಗಿ" ಅನ್ನೋದರಲ್ಲಿ ಖಾಲಿ ಕಾಣಲಿಲ್ಲ ಅಂದರೆ ಏನು ಅನ್ನೋದು ಬಿಟ್ಟುಹೋಗಿದೆ. 60ರಲ್ಲಿ ಬಂದು 20ರ ಟ್ರ್ಯಾಕ್ಟರ್ ಹಿಂದೆ ನಿಲ್ಲಬೇಕಾದರೆ ಆ 40ರ ವ್ಯತ್ಯಾಸ ಕರಗಬೇಕು. ಟ್ರೇಲರ್‌ಗೆ 15 ಮೀಟರ್ ಇರೋವರೆಗೂ ನಿರ್ಧಾರ ಮಾಡದೆ ಇದ್ದರೆ ಬ್ರೇಕ್‌ಗೆ ಜಾಗ ಉಳಿಯಲ್ಲ, ಆಗ ಗಾಬರಿಯಲ್ಲಿ ಬಲಕ್ಕೆ ಎಳೆಯೋದೇ ದಾರಿ ಅನ್ನಿಸುತ್ತೆ. ಎದುರುಬದುರು ಡಿಕ್ಕಿ ಆಗೋ ಒಂದು ಬಗೆ ಇದೇ. ಅದಕ್ಕೆ ಮೂರು ಸೆಕೆಂಡ್ ಅಂತರದಲ್ಲಿ ಹಿಂದೆ ಇರಿ. ಜಾಗ ತೆರೆದುಕೊಳ್ತಿದೆ ಅನ್ನಿಸಿದ ಕೂಡಲೇ ಗೇರ್ ಇಳಿಸಿ, ನಿಮ್ಮ ಲೇನಲ್ಲೇ ವೇಗ ಹೆಚ್ಚಿಸೋಕೆ ಶುರು ಮಾಡಿ. ಹೊರಗೆ ಬರೋ ಜಾಗ ತಲುಪುವಾಗ ಇನ್ನೊಮ್ಮೆ ಎದುರು, ಇನ್ನೊಮ್ಮೆ ಬಲಗನ್ನಡಿ. ಖಾಲಿ ಇದ್ದರೆ ಹೊರಗೆ. ಇಲ್ಲದಿದ್ದರೆ ಆಕ್ಸಲರೇಟರ್ ಬಿಟ್ಟರೆ ಸಾಕು, ಬ್ರೇಕ್ ಮೇಲೆ ಎದ್ದು ನಿಲ್ಲೋ ಸ್ಥಿತಿ ಬರಲ್ಲ.

ಗೇರ್ ಬದಲಾಯಿಸೋದು ಹೊರಗೆ ಬರೋದಕ್ಕೆ ಮುಂಚೆ. ಟ್ರೇಲರ್ ಪಕ್ಕದಲ್ಲಿ ಇರುವಾಗ ಇಂಜಿನ್ ಉಸಿರುಗಟ್ಟಿ ಕ್ಲಚ್ ತುಳಿದರೆ ಆ ಒಂದು ಸೆಕೆಂಡಿಗೆ ಎಳೆತವೇ ಇರಲ್ಲ.

ರಸ್ತೆಅಳತೆ
ಹಳೇಕ್ಲಚ್ ಅವರ 470 ನೋಡಿ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ವಿನ್ಯಾಸಕ್ಕೆ ಕೊಟ್ಟಿರೋ ಪಟ್ಟಿಯಲ್ಲಿ 80ರ ವೇಗದ ರಸ್ತೆಗೆ ಓವರ್‌ಟೇಕ್ ದೃಷ್ಟಿದೂರ 470 ಮೀಟರೇ. 60ರ ರಸ್ತೆಗೆ 300. ಅದೇ ಪಟ್ಟಿಯಲ್ಲಿ 80ರಲ್ಲಿ ಬ್ರೇಕ್ ಹಾಕಿ ನಿಲ್ಲೋಕೆ ಬೇಕಾದ ದೃಷ್ಟಿದೂರ 120 ಮೀಟರ್. ಅಂದರೆ ಒಂದು ತಿರುವು ಸುರಕ್ಷಿತವಾಗಿ ಓಡಿಸೋಕೆ ಸಾಕಾಗುವಷ್ಟು ಕಾಣ್ತಾ ಇರಬಹುದು, ಓವರ್‌ಟೇಕ್‌ಗೆ ಅದರ ನಾಲ್ಕರಷ್ಟು ಬೇಕು. ರಸ್ತೆ ಚೆನ್ನಾಗಿದೆ, ಅಗಲ ಇದೆ ಅನ್ನೋ ಕಾರಣಕ್ಕೆ ಎಲ್ಲ ಕಡೆ ಓವರ್‌ಟೇಕ್ ಮಾಡೋ ಹಾಗೆ ಕಟ್ಟಿದ್ದಾರೆ ಅಂದುಕೊಳ್ಳಬೇಡಿ.

ಕಣ್ಣಿಗೆ ದೂರ ಕಲಿಸೋಕೆ ಒಳ್ಳೇ ಸಾಧನ ರಸ್ತೆ ಬದಿಯಲ್ಲೇ ಇದೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಅಂತ ಬರೆದ ಚಿಕ್ಕ ಕಲ್ಲುಗಳಿರುತ್ತವೆ. ಅವು 200 ಮೀಟರಿಗೊಂದು. 4ರ ಕಲ್ಲಿನ ಹತ್ತಿರ ಇದ್ದಾಗ ಮುಂದಿನ 8ರ ಕಲ್ಲು ಇರೋ ಜಾಗ ಎಲ್ಲಿ ಬರುತ್ತೆ ನೋಡಿ, ಅದು 400. ಪಕ್ಕದಲ್ಲಿ ಕೂತು ಹೋಗುವಾಗ ನಾಲ್ಕಾರು ಸಲ ಹೀಗೆ ನೋಡಿದರೆ 400 ಮೀಟರ್ ಎಷ್ಟು ದೂರ ಅಂತ ಗೊತ್ತಾಗುತ್ತೆ. ಮೊದಲ ಸಲ ಎಲ್ಲರೂ ಕಡಿಮೆ ಅಂದಾಜೇ ಮಾಡೋದು. ಕರೆಂಟ್ ಕಂಬ ನಂಬಬೇಡಿ, ಊರೊಳಗೆ ಹತ್ತಿರ ಹತ್ತಿರ ನೆಟ್ಟಿರ್ತಾರೆ, ಹೊಲದ ಕಡೆ ದೂರ ದೂರ.

ಬನ್ನೂರುಬೈಕ್
ನನ್ನದು 100 ಸಿಸಿ, ಹಿಂದೆ ಒಬ್ಬರು ಕೂತಿರ್ತಾರೆ, ಮುಂದೆ ಟ್ಯಾಂಕ್ ಮೇಲೆ ಮೂಟೆ. ಬನ್ನೂರು ರಸ್ತೇಲಿ ಬಸ್ 50ರಲ್ಲಿ ಹೋಗುತ್ತೆ, ನನ್ನ ಗಾಡಿ ಕಷ್ಟಪಟ್ಟು 60. ಕಾರಿನ ಲೆಕ್ಕ ನಮಗೆ ಬರಲ್ಲ. ಬೈಕ್ ಸಣ್ಣದು, ಸಂದೀಲಿ ನುಗ್ಗಬಹುದು ಅಲ್ವಾ?

ಹಳೇಕ್ಲಚ್
ಸಣ್ಣದಾಗಿರೋದು ಅಗಲಕ್ಕೆ ಉಪಯೋಗ, ಹೊತ್ತಿಗೆ ಅಲ್ಲ. ವೇಗದ ವ್ಯತ್ಯಾಸ 20 ಇದ್ದದ್ದು 10 ಆದರೆ ಪಕ್ಕದಲ್ಲಿ ಇರೋ ಹೊತ್ತು ಎರಡರಷ್ಟಾಗುತ್ತೆ. ಬೈಕ್ ಉದ್ದ ಕಡಿಮೆ ಅಂತ ರಿಯಾಯಿತಿ ಕೊಟ್ಟು, ಹಿಂದೆ ಮುಂದೆ ಅಂತರವನ್ನೂ 10 ಮೀಟರಿಗೆ ಇಳಿಸಿದರೂ 50ರ ಬಸ್ಸನ್ನ 60ರಲ್ಲಿ ದಾಟೋಕೆ 12 ಸೆಕೆಂಡ್. ಎದುರಿನವನು 80ರಲ್ಲಿದ್ದರೆ ಬೇಕಾಗೋದು ಹತ್ತಿರ ಹತ್ತಿರ 600 ಮೀಟರ್. ಬನ್ನೂರು ರಸ್ತೇಲಿ ಅಷ್ಟು ನೆಟ್ಟಗೆ ಕಾಣೋ ಜಾಗ ಎಷ್ಟಿದೆ ನೀವೇ ಹೇಳಿ. ಬಸ್ಸು ಮುಂದಿನ ಸ್ಟಾಪಲ್ಲಿ ನಿಲ್ಲುತ್ತೆ. ಆಗಲೂ ಬಸ್ಸಿನ ಮುಂದಿನಿಂದ ರಸ್ತೆ ದಾಟೋರು ಇರ್ತಾರೆ, ನಿಧಾನಕ್ಕೆ ಹೋಗಿ.

ಇನ್ನೊಂದು, ನೀವು ಎದುರಿನವನಿಗೆ ಹೇಗೆ ಕಾಣ್ತೀರಿ ಅನ್ನೋದು. ಸಣ್ಣ ಗಾಡಿ ದೂರದಲ್ಲಿದೆ, ನಿಧಾನ ಬರ್ತಿದೆ ಅಂತ ಕಣ್ಣಿಗೆ ಅನ್ನಿಸುತ್ತೆ. ಲಾರಿ ಬರ್ತಿದ್ದರೆ ಓವರ್‌ಟೇಕ್ ಮಾಡದೆ ಕಾಯೋ ಕಾರಿನವನೇ ಅಷ್ಟೇ ದೂರದಲ್ಲಿ, ಅಷ್ಟೇ ವೇಗದಲ್ಲಿ ಬೈಕ್ ಬರ್ತಿದ್ದರೆ ನುಗ್ಗಿಬಿಡ್ತಾನೆ.

ಹೊಸಸ್ಟೇರಿಂಗ್
400 ಮೀಟರ್ ಅರ್ಥ ಆಯ್ತು, ಕಲ್ಲು ನೋಡ್ತೀನಿ. ಆದರೆ ಎದುರಿನವನು 80ರಲ್ಲಿ ಬರ್ತಿದ್ದಾನೋ 50ರಲ್ಲೋ ಅಷ್ಟು ದೂರದಿಂದ ಹೇಗೆ ಗೊತ್ತಾಗುತ್ತೆ?

ಹಳೇಕ್ಲಚ್
ಗೊತ್ತಾಗಲ್ಲ. ನೇರ ನಮ್ಮ ಕಡೆಗೇ ಬರ್ತಿರೋ ಗಾಡಿಯ ವೇಗ ತಿಳಿಯೋಕೆ ಕಣ್ಣಿಗಿರೋ ಸುಳಿವು ಒಂದೇ, ಅದು ದೊಡ್ಡದಾಗ್ತಾ ಹೋಗೋದು. 400 ಮೀಟರ್ ದೂರದಲ್ಲಿ ಆ ದೊಡ್ಡದಾಗೋದು ಎಷ್ಟು ನಿಧಾನ ಅಂದರೆ ನಿಂತ ಹಾಗೇ ಕಾಣುತ್ತೆ. 100 ಮೀಟರ್ ಒಳಗೆ ಬಂದಾಗ ಇದ್ದಕ್ಕಿದ್ದ ಹಾಗೆ ಉಬ್ಬಿಬಿಡುತ್ತೆ. "ಎಲ್ಲಿಂದ ಬಂದನೋ ಗೊತ್ತೇ ಆಗಲಿಲ್ಲ" ಅನ್ನೋದು ಅದಕ್ಕೇ. ಆದ್ದರಿಂದ ಆ ರಸ್ತೇಲಿ ಜೋರಾಗಿ ಬರೋರು ಎಷ್ಟರಲ್ಲಿ ಬರ್ತಾರೋ ಆ ವೇಗವನ್ನೇ ಎಲ್ಲರಿಗೂ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಒಂದು ದಾರಿ ಇದೆ, ಓವರ್‌ಟೇಕ್ ಮಾಡದೇ ಕಲಿಯೋದು. ಟ್ರ್ಯಾಕ್ಟರ್ ಹಿಂದೆ ಸುಮ್ಮನೆ ಹೋಗ್ತಿರುವಾಗ ಎದುರು ದೂರದಲ್ಲಿ ಗಾಡಿ ಕಂಡ ಕ್ಷಣ ಮನಸ್ಸಲ್ಲೇ "ಈಗ ಹೊರಟೆ" ಅಂದುಕೊಂಡು ಸಾವಿರದ ಒಂದು, ಸಾವಿರದ ಎರಡು ಅಂತ ಎಣಿಸಿ. ಅವನು ನಿಮ್ಮ ಪಕ್ಕಕ್ಕೆ ಬರುವಾಗ ಎಣಿಕೆ 11 ದಾಟಿದ್ದರೆ ಟ್ರ್ಯಾಕ್ಟರ್‌ಗೆ ಅವಕಾಶ ಇತ್ತು ಅನ್ನಬಹುದು. ನೀವು ನಿಧಾನ ಇದ್ದಾಗ ಎಣಿಸಿದ್ದಿದು, ನಿಜವಾಗಿ ಹೊರಟಿದ್ದರೆ ನೀವೂ ಅವನ ಕಡೆಗೆ ಜೋರಾಗಿ ಹೋಗ್ತಿದ್ದಿರಿ, ಅದಕ್ಕೆ ಇನ್ನೂ ಮೂರು ಸೇರಿಸಿ 14 ಅಂತ ಇಟ್ಟುಕೊಳ್ಳಿ. ಆರು ಏಳಕ್ಕೇ ಪಕ್ಕಕ್ಕೆ ಬಂದ ಗಾಡಿಗಳನ್ನ ನೋಡ್ತಾ ನೋಡ್ತಾ ಅಂದಾಜು ತಾನಾಗಿ ತಿದ್ದಿಕೊಳ್ಳುತ್ತೆ.

ಎದುರಿನವನು ಲೈಟ್ ಹೊಡೆದರೆ ನಮ್ಮ ಕಡೆ "ನಾನು ಬರ್ತಿದ್ದೀನಿ, ನೀನು ಬರಬೇಡ" ಅಂತಲೇ ಅರ್ಥ. "ಹೋಗು" ಅಂತ ಅಲ್ಲ.

ಕಬ್ಬಿನಲಾರಿ
ಇಷ್ಟೊತ್ತು ಎಲ್ಲಾ ಎದುರುಗಡೆದೇ ಮಾತಾಡಿದ್ರಿ. ಮುಂದಿರೋ ಟ್ರ್ಯಾಕ್ಟರ್ ಏನು ಮಾಡ್ತದೆ ಅದ್ನೂ ನೋಡ್ಬೇಕಲ್ವಾ. ದೊಡ್ಡಿ ಕಡೆ, ಪಾಂಡವಪುರದ ಕಡೆ ರಸ್ತೆ ಬಲಕ್ಕೆ ಆಲೆಮನೆ ಇರ್ತವೆ. ಕಬ್ಬಿನ ಗಾಡಿ ಅಲ್ಲಿಗೆ ಸೀದಾ ಬಲಕ್ಕೆ ತಿರುಗ್ತದೆ. ಟ್ರೇಲರ್‌ಗೆ ಇಂಡಿಕೇಟರ್ ಇರಲ್ಲ, ಇದ್ರೂ ಸೋಗೆ ಮುಚ್ಚಿರ್ತದೆ. ಟ್ರ್ಯಾಕ್ಟರ್‌ದು ಇಂಡಿಕೇಟರ್ ಹಾಕಿದ್ರೂ ಎರಡು ಟ್ರೇಲರ್ ಹಿಂದೆ ಇರೋನಿಗೆ ಎಲ್ಲಿ ಕಾಣ್ತದೆ? ಡ್ರೈವರ್‌ಗೆ ಹಿಂದಿನದು ಕಾಣಲ್ಲ, ಟ್ರ್ಯಾಕ್ಟರ್ ಸದ್ದಲ್ಲಿ ನಿಮ್ಮ ಹಾರನ್ನೂ ಕೇಳಲ್ಲ, ಹಾಡು ಬೇರೆ ಹಾಕಿರ್ತಾನೆ.

ಗುರ್ತು ಹೇಳ್ತೀನಿ. ಬಲಗಡೆ ಹೊಗೆ ಕೊಳವೆ ಕಂಡ್ರೆ, ಸಿಪ್ಪೆ ಒಣಗಾಕಿರೋದು ಕಂಡ್ರೆ, ಡಾಂಬರ್ ಮೇಲೆ ರವುದಿ ಬಿದ್ದು ಬಲಕ್ಕೆ ಮಣ್ಣಿನ ಚಕ್ರದ ಗುರ್ತು ಹೋಗಿದ್ರೆ ಅಲ್ಲಿ ಸೈಡ್ ಹೊಡೀಬೇಡಿ. ಟ್ರ್ಯಾಕ್ಟರ್ ಕಾರಣ ಇಲ್ದೆ ನಿಧಾನ ಆಯ್ತಾ, ಮುಂದಿನ ಚಕ್ರ ನಡುರಸ್ತೆ ಕಡೆ ಬಂತಾ, ಅವನು ನಿಮಗೆ ಜಾಗ ಬಿಡ್ತಿಲ್ಲ, ತಿರುಗ್ತಾನೆ. "ಓ, ನಿಧಾನ ಮಾಡಿದ, ಸೈಡ್ ಕೊಟ್ಟ" ಅಂತ ನುಗ್ಗಿದ್ರೆ ಮುಗೀತು.

ಇನ್ನ ಪಕ್ಕದಲ್ಲಿ ಹೋಗುವಾಗ ಎರಡನೇ ಟ್ರೇಲರ್ ಮೇಲೆ ಕಣ್ಣಿರಲಿ. ಅದು ಹಾವಿನ ಬಾಲ ಇದ್ದಂಗೆ. ಟ್ರ್ಯಾಕ್ಟರ್ ಗುಂಡಿ ತಪ್ಪಿಸೋಕೆ ಒಂದಡಿ ಆಡಿದ್ರೆ ಇದು ಅದಕ್ಕಿಂತ ಜಾಸ್ತಿ ಬೀಸ್ತದೆ. ಜಲ್ಲೆ ತುದಿ ಕನ್ನಡಿ ಹೊಡ್ಕೊಂಡು ಹೋಗ್ತದೆ. ಜೋತಿರೋ ಕಬ್ಬಿನ ತುದಿಯಿಂದ ಒಂದು ಮೀಟರ್ ಮೇಲೆ ಬಿಡಿ, ಟ್ರೇಲರ್ ತಗಡಿಂದ ಅಲ್ಲ. ಬೈಕಾದ್ರೆ ಇನ್ನೂ ಜಾಸ್ತಿ.

ರಸ್ತೆಅಳತೆ
ಹಾಗಾದರೆ ರಸ್ತೆ ಅಗಲವನ್ನೂ ನೋಡಬೇಕು. ಪೂರ್ತಿ ಎರಡು ಲೇನ್ ಅಂದರೆ ಡಾಂಬರು 7 ಮೀಟರ್. ನಮ್ಮ ಕಡೆ ಎಷ್ಟೋ ಒಳರಸ್ತೆಗಳು 5.5 ಮೀಟರ್, ಹಳ್ಳಿ ರಸ್ತೆ 3.75. ಕಬ್ಬು ಜೋತ ಟ್ರೇಲರ್ ಮೂರು ಮೀಟರ್ ಹತ್ತಿರ ಹತ್ತಿರ ತಿನ್ನುತ್ತೆ. 5.5ರ ರಸ್ತೆಯಲ್ಲಿ ಉಳಿಯೋದು ಎರಡೂವರೆ, ನಿಮ್ಮ ಕಾರು 1.7. ಕಬ್ಬಿನಲಾರಿ ಹೇಳಿದ ಒಂದು ಮೀಟರ್ ಅಲ್ಲೇ ಸಿಗಲ್ಲ, ಟ್ರ್ಯಾಕ್ಟರ್ ಎಡದ ಮಣ್ಣಿಗೆ ಇಳಿದರೆ ಮಾತ್ರ ಸಾಧ್ಯ. ದೃಷ್ಟಿದೂರ ಒಂದು ಕಿಲೋಮೀಟರ್ ಇದ್ದರೂ ಅಲ್ಲಿ ಲೆಕ್ಕ ಕೂಡಲ್ಲ.

ನಾಲೆ ಸೇತುವೆಗಳ ಬಗ್ಗೆ ಯಾರೂ ಹೇಳಲಿಲ್ಲ. ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು ಹೆಜ್ಜೆಗೊಂದು. ಸೇತುವೆ ಹತ್ರ ರಸ್ತೆ ಉಬ್ಬುತ್ತೆ. ಈಚೆಯಿಂದ ನೋಡಿದರೆ ಉಬ್ಬಿನ ಆಚೆ ರಸ್ತೆ ಮುಂದುವರಿದಿರೋದು ಕಾಣುತ್ತೆ, ನೇರವಾಗಿದೆ, ಖಾಲಿ ಇದೆ ಅನ್ನಿಸುತ್ತೆ. ಉಬ್ಬಿಗೂ ಆಚೆ ಕಾಣೋ ರಸ್ತೆಗೂ ನಡುವಿನ ತಗ್ಗಿನಲ್ಲಿ ಒಂದು ಕಾರು ಇಡಿಯಾಗಿ ಮುಳುಗಿರಬಹುದು. ರಸ್ತೆ ಮೇಲ್ಮೈ ತುಂಡಾಗದೆ ನಿಮ್ಮ ಚಕ್ರದಿಂದ ಅಲ್ಲಿವರೆಗೂ ಒಂದೇ ಪಟ್ಟಿಯಾಗಿ ಕಾಣಬೇಕು. ನಡುವೆ ಒಂದು ಕಡೆ ಡಾಂಬರು ಮರೆಯಾದರೆ ನಿಮ್ಮ ದೃಷ್ಟಿದೂರ ಅಲ್ಲಿಗೇ ಮುಗಿಯಿತು. ಇಬ್ಬದಿಯ ಮರಗಳ ಸಾಲು ಮುಂದೆ ನೇರ ಹೋಗಿರೋದನ್ನ ನೋಡಿ ರಸ್ತೆಯೂ ನೇರ ಅಂದುಕೊಳ್ಳೋದೂ ಇದೇ ಜಾತಿ.

ಥರ್ಡ್‌ಗೇರ್
ಮುಂದೆ ಎತ್ತರದ ಗಾಡಿ ಇದ್ದರೆ ಸ್ವಲ್ಪ ಬಲಕ್ಕೆ ಮೂತಿ ಹಾಕಿ ನೋಡಲೇಬೇಕಲ್ಲ. ಇಲ್ಲದಿದ್ದರೆ ಏನೂ ಕಾಣಲ್ಲ.

ಹಳೇಕ್ಲಚ್
ಹತ್ತಿರ ಇದ್ದು ಮೂತಿ ಹಾಕಿದರೆ ಅರ್ಧ ಕಾರು ಎದುರಿನ ಲೇನಲ್ಲಿ ಇದ್ದಾಗಷ್ಟೇ ನಿಮಗೆ ಕಾಣೋದು. ಹಿಂದೆ ಸರಿದರೆ ಅದೇ ಗಾಡಿ ಚಿಕ್ಕದಾಗಿ ಕಾಣುತ್ತೆ, ಅದರ ಬದಿಯಿಂದ ರಸ್ತೆ ತೆರೆದುಕೊಳ್ಳುತ್ತೆ, ನಿಮ್ಮ ಲೇನಿನೊಳಗೇ ಒಂದಡಿ ಬಲಕ್ಕೆ ಸರಿದರೆ ಸಾಕು. ರಸ್ತೆಯ ತಿರುವನ್ನೂ ಬಳಸಿಕೊಳ್ಳಿ. ಸಣ್ಣಗೆ ಬಲಕ್ಕೆ ತಿರುಗೋ ಕಡೆ ಲಾರಿಯ ಬಲಬದಿಯಿಂದ ಮುಂದಿನದು ಕಾಣುತ್ತೆ. ಎಡಕ್ಕೆ ತಿರುಗೋ ಕಡೆ ಎಡಬದಿಯಿಂದ ಕಾಣುತ್ತೆ, ಸ್ವಲ್ಪ ಎಡಕ್ಕೆ ಸರಿದು ನೋಡಿ. ಅದು ನೋಡೋಕೆ ಮಾತ್ರ. ತಿರುವಿನಲ್ಲಿ ನೋಡಿಕೊಂಡು, ತಿರುವು ಮುಗಿದು ನೇರ ಶುರುವಾಗುವಾಗ ಹೊರಡೋಕೆ ತಯಾರಿರಬೇಕು.

ಹಾಗೇ, ನಿಮ್ಮ ಮುಂದಿನ ಕಾರು ಓವರ್‌ಟೇಕ್‌ಗೆ ಹೊರಟಿತು ಅಂತ ಅದರ ಬಾಲ ಹಿಡಿದು ಹೋಗಬೇಡಿ. ಅವನು ನೋಡಿರೋದು ಅವನಿಗೆ ಸಾಲುವ ಜಾಗ. ಅವನು ಎಡಕ್ಕೆ ಸೇರಿದ ಮೇಲೆ ಎದುರಿನ ಲಾರಿಯನ್ನ ಮೊದಲ ಸಲ ನೋಡೋದು ನೀವು.

ಹೊಸಸ್ಟೇರಿಂಗ್
ಎರಡನೇ ಪ್ರಶ್ನೆ ಉಳಿದುಬಿಡ್ತು. ನನ್ನನ್ನ ಯಾರೋ ದಾಟ್ತಿದ್ದಾರೆ, ಎದುರು ಲಾರಿ. ಬ್ರೇಕಾ, ಬೇಡವಾ?

ಥರ್ಡ್‌ಗೇರ್
ಬ್ರೇಕ್ ಹಾಕಿ ಜಾಗ ಬಿಡಿ ಅಷ್ಟೇ. ಇದರಲ್ಲಿ ಯೋಚನೆ ಏನಿದೆ.

ಹಳೇಕ್ಲಚ್
ಯೋಚನೆ ಇದೆ. ಅವನಿಗಿರೋ ದಾರಿ ಎರಡು: ಮುಂದೆ ಹೋಗಿ ನಿಮ್ಮ ಮುಂದೆ ಸೇರೋದು, ಅಥವಾ ಬ್ರೇಕ್ ಹಾಕಿ ನಿಮ್ಮ ಹಿಂದೆ ಬೀಳೋದು. ಅವನು ಬ್ರೇಕ್ ಹಾಕಿದ ಕ್ಷಣಕ್ಕೇ ನೀವೂ ಹಾಕಿದರೆ ಇಬ್ಬರೂ ಜೋಡಿಯಾಗೇ ನಿಧಾನ ಆಗ್ತೀರಿ, ಅವನು ಎದುರಿನ ಲೇನಲ್ಲೇ ಉಳೀತಾನೆ. ನೀವು ಕೊಟ್ಟ ಜಾಗ ಅವನಿಗೆ ಬಾಗಿಲು ಮುಚ್ಚಿದ ಹಾಗೆ.

ಅವನ ಮೂತಿ ಎಲ್ಲಿದೆ ನೋಡಿ. ನಿಮ್ಮ ಮುಂದಿನ ಬಾಗಿಲು ದಾಟಿ ಬಾನೆಟ್ ಹತ್ತಿರ ಬಂದಿದ್ದರೆ ಅವನು ಹಿಂದೆ ಬೀಳೋದು ಕಷ್ಟ, ಮುಂದೆ ಹೋಗ್ತಾನೆ. ಆಕ್ಸಲರೇಟರ್ ಬಿಡಿ, ಬೇಕಾದರೆ ಹದವಾಗಿ ಬ್ರೇಕ್, ಎಡಕ್ಕೆ ಒತ್ತಿ. ಅವನು ಇನ್ನೂ ನಿಮ್ಮ ಹಿಂದಿನ ಚಕ್ರದ ಹತ್ತಿರವೇ ಇದ್ದರೆ ವೇಗ ಬದಲಾಯಿಸದೆ ಹಾಗೇ ಹೋಗಿ, ಅವನು ಬ್ರೇಕ್ ಹಾಕಿ ಹಿಂದೆ ಸೇರಲಿ. ಅವನ ಮೂತಿ ಕೆಳಗೆ ಬಾಗಿದರೆ ಬ್ರೇಕ್ ಹಾಕಿದ್ದಾನೆ ಅಂತ ಅರ್ಥ, ಆಗ ನೀವು ಹಾಕಬೇಡಿ. ಎರಡೂ ಸಂದರ್ಭದಲ್ಲಿ ಮಾಡಬಾರದ್ದು ವೇಗ ಹೆಚ್ಚಿಸೋದು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ದಾಟಿಸಿಕೊಳ್ಳುತ್ತಿರುವವನು ವೇಗ ಹೆಚ್ಚಿಸಬಾರದು, ಅಡ್ಡಿ ಮಾಡಬಾರದು ಅಂತಲೇ ಇದೆ. ಹಟಕ್ಕೆ ತುಳಿಯೋರು ಕಡಿಮೆ. ಪಕ್ಕದಲ್ಲಿ ಗಾಡಿ ಬಂದಾಗ ಗೊತ್ತಿಲ್ಲದೇ ಕಾಲು ಒತ್ತೋರು ಬಹಳ.

ರಸ್ತೆಅಳತೆ
"ಎಡಕ್ಕೆ ಒತ್ತಿ" ಅನ್ನೋದಕ್ಕೆ ಒಂದು ಎಚ್ಚರಿಕೆ. ಮೇಲೆ ಮೇಲೆ ಡಾಂಬರು ಹಾಕಿ ಎಷ್ಟೋ ಕಡೆ ಅಂಚು ಮಣ್ಣಿಗಿಂತ ನಾಲ್ಕೈದು ಇಂಚು ಎತ್ತರ ಇದೆ. 60ರಲ್ಲಿ ಎಡ ಚಕ್ರ ಕೆಳಗಿಳಿದರೆ ಗಾಬರಿಯಾಗಿ ಬಲಕ್ಕೆ ಎಳೀತಾರೆ. ಟೈರಿನ ಪಕ್ಕ ಅಂಚಿಗೆ ಉಜ್ಜುತ್ತಾ ಮೇಲೆ ಹತ್ತಲ್ಲ, ಸ್ಟೇರಿಂಗ್ ಇನ್ನೂ ತಿರುಗಿಸ್ತಾರೆ, ಹತ್ತಿದ ಕೂಡಲೇ ಗಾಡಿ ಎದುರಿನ ಲೇನಿಗೆ ಹಾರುತ್ತೆ. ಚಕ್ರ ಇಳಿದರೆ ಇಳಿಯಲಿ, ಸ್ಟೇರಿಂಗ್ ನೆಟ್ಟಗೆ ಹಿಡಿದು ವೇಗ ಚೆನ್ನಾಗಿ ಇಳಿಸಿ, ಅಂಚು ತಗ್ಗಿರೋ ಕಡೆ ನಿಧಾನಕ್ಕೆ ಹತ್ತಿಸಿ. ಎಡಕ್ಕೆ ಸರಿಯೋ ಮುಂಚೆ ಎಡಗನ್ನಡಿ, ಅಲ್ಲಿ ಸೈಕಲ್ಲೋ ಸ್ಕೂಟರೋ ಇರುತ್ತೆ.

ಕಬ್ಬಿನಲಾರಿ
ಹಳೇಕ್ಲಚ್ ಹೇಳಿದ್ದು ಕಾರಿಗೆ ಸರಿ. ಲೋಡ್ ಲಾರಿಲಿ ಕೂತು ಕನ್ನಡೀಲಿ ಅವನ ಮೂತಿ ಎಲ್ಲಿದೆ, ಬಾಗ್ತಾ ಅಂತ ನೋಡೋಕಾಗಲ್ಲ ಸಾಮಿ. ಲಾರಿ ಉದ್ದ ಬೇರೆ, ಅವನು ಅರ್ಧಕ್ಕೆ ಬಂದಿದ್ರೆ ಹೋಗ್ತಾನೋ ಉಳೀತಾನೋ ಅವನಿಗೇ ಗೊತ್ತಿರಲ್ಲ. ನಾವು ಆಕ್ಸಲರೇಟರ್ ಬಿಡ್ತೀವಿ, ಬ್ರೇಕ್ ಮುಟ್ಟಲ್ಲ. ಬ್ರೇಕ್ ಲೈಟ್ ಹತ್ತಿದ್ರೆ ಅವನ ಹಿಂದೆ ಬರ್ತಿರೋನೂ ತಬ್ಬಿಬ್ಬಾಯ್ತಾನೆ.

ಹಳೇಕ್ಲಚ್
ಉದ್ದ ಗಾಡಿಗೆ ನಿಮ್ಮ ಮಾತು ಒಪ್ಪಬಹುದು. ಆದರೆ ಅರ್ಧಕ್ಕಿಂತ ಹಿಂದೆ ಇದ್ದಾಗ ನೀವು ಕಾಲು ತೆಗೆದರೆ ಅವನಿಗೆ ಮುಂದೆ ಹೋಗೋ ಆಸೆ ಹುಟ್ಟುತ್ತೆ ಅನ್ನೋದು ನನ್ನ ಅನುಮಾನ.

ಬನ್ನೂರುಬೈಕ್
ಲಾರಿಯವರು ರೈಟ್ ಇಂಡಿಕೇಟರ್ ಹಾಕಿದರೆ "ಹೋಗು" ಅಂತ ಅಲ್ವಾ? ಕೆಲವರು ಲೆಫ್ಟ್ ಹಾಕ್ತಾರೆ. ಯಾವುದು ಸರಿ?

ಕಬ್ಬಿನಲಾರಿ
ನಾನು ಲೆಫ್ಟ್ ಹಾಕ್ತೀನಿ, ಎಡಕ್ಕೆ ಒತ್ಕೊಂಡಿದೀನಿ ಹೋಗು ಅಂತ. ರೈಟ್ ಹಾಕಿದ್ರೆ ಬರಬೇಡ ಅಂತ. ಹಳಬರು ಕೆಲವರು ರೈಟೇ ಹಾಕ್ತಾರೆ, ಹೋಗು ಅನ್ನೋಕೆ.

ಹಳೇಕ್ಲಚ್
ಅದಕ್ಕೇ ಎರಡನ್ನೂ ಅಪ್ಪಣೆ ಅಂತ ತಗೋಬೇಡಿ. ರೈಟ್ ಇಂಡಿಕೇಟರ್‌ಗೆ ಮೂರು ಅರ್ಥ ಇರಬಹುದು: ಹೋಗು, ಬರಬೇಡ, ನಾನು ತಿರುಗ್ತೀನಿ. ಮೂರನೆಯದು ನಿಜವಾದರೆ ಉಳಿದೆರಡು ಕೆಲಸಕ್ಕೆ ಬರಲ್ಲ. ಅವನು ಕಂಡಿರೋ ಖಾಲಿ ರಸ್ತೆ ಅವನ ಎತ್ತರದ ಸೀಟಿಂದ ಕಂಡದ್ದು, ನಿಮ್ಮ ಗಾಡಿಯ ಎಳೆತ ಎಷ್ಟು ಅಂತ ಅವನಿಗೆ ಗೊತ್ತಿಲ್ಲ.

ಕಬ್ಬಿನಲಾರಿ
ಹಂಗಂದ್ರೆ ನಾವು ಸೈಡ್ ಕೊಡೋಕೆ ಏನು ಹಾಕ್ಬೇಕು? ಕೈ ತೋರಿಸಿದ್ರೂ ತಪ್ಪು, ಲೈಟ್ ಹಾಕಿದ್ರೂ ತಪ್ಪು. ಹಿಂದೆ ಹತ್ತು ಕಾರು ಪೀ ಪೀ ಅಂತಿರ್ತವೆ.

ಹಳೇಕ್ಲಚ್
ಎಡಕ್ಕೆ ಸರಿದು ಒಂದೇ ವೇಗದಲ್ಲಿ ಹೋಗಿ, ಸಾಕು. ಹತ್ತು ಕಾರು ಕೂಡಿದ್ದರೆ ಅಗಲ ಇರೋ ಕಡೆ ಲೆಫ್ಟ್ ಇಂಡಿಕೇಟರ್ ಹಾಕಿ ಪೂರ್ತಿ ಬದಿಗೆ ನಿಲ್ಲಿಸಿಬಿಡಿ, ಅರ್ಧ ನಿಮಿಷದಲ್ಲಿ ಎಲ್ಲ ಹೋಗ್ತಾರೆ.

ಕಬ್ಬಿನಲಾರಿ
20 ಟನ್ ಲೋಡು ಮಣ್ಣಿಗಿಳಿಸಿ ನಿಲ್ಸಿದ್ರೆ ಮೇಲೆ ಎತ್ತೋಕೆ ನೀವು ಬರ್ತೀರಾ? ಮಳೆ ಬಿದ್ದಿದ್ರೆ ಅಲ್ಲೇ ಠಿಕಾಣಿ.

ಹೊಸಸ್ಟೇರಿಂಗ್
ಇವತ್ತು ಪಕ್ಕದ ಸೀಟಲ್ಲಿ ಕೂತು ಕಲ್ಲು ನೋಡ್ತಾ ಹೋದೆ. ಕೆಲವು ಕಡೆ 2, 4 ಇವೆ, ಕೆಲವು ಕಡೆ ಗಿಡ ಮುಚ್ಚಿದೆ. 400 ಅಂತ ನಾನು ಅಂದುಕೊಂಡಿದ್ದ ಜಾಗ 200ರ ಕಲ್ಲಿಗೂ ಸ್ವಲ್ಪ ಈಚೆ ಇತ್ತು. ರಾತ್ರಿ ಹೊತ್ತು ಈ ಲೆಕ್ಕ ಹೇಗೆ? ಲೈಟ್ ಎಷ್ಟು ದೂರ ಅಂತಲೇ ತಿಳಿಯಲ್ಲ.

ಹಳೇಕ್ಲಚ್
ರಾತ್ರಿ ಎದುರಿನ ಲೈಟ್ ಕಾಣುತ್ತೆ ಅನ್ನೋದೊಂದೇ ಅನುಕೂಲ. ಒಂದೇ ಲೈಟ್ ಕಂಡರೆ ಬೈಕ್ ಅಂದುಕೊಳ್ಳಬೇಡಿ, ಒಂದು ಬಲ್ಬ್ ಹೋದ ಟ್ರ್ಯಾಕ್ಟರ್ ಇರಬಹುದು, ಉರೀತಿರೋದು ಎಡದ್ದಾದರೆ ಅವನ ಬಲಭಾಗ ಕತ್ತಲಲ್ಲಿ ನಿಮ್ಮ ಲೇನಿನ ಅಂಚಲ್ಲೇ ಇರುತ್ತೆ. ಲೈಟೇ ಇಲ್ಲದ ಎತ್ತಿನ ಗಾಡಿಯೂ ಆ ರಸ್ತೇಲಿ ಉಂಟು. ದಾಟೋ ಗಾಡಿಯ ಹಿಂದೆ ಇರೋವರೆಗೂ ನೀವು ಡಿಮ್‌ನಲ್ಲೇ ಇರಬೇಕು, ಅವನ ಕನ್ನಡಿಗೆ ಹೊಡೆಯಬಾರದು. ಡಿಮ್‌ನಲ್ಲಿ ಕಾಣೋದು 400ರಲ್ಲಿ ಚಿಕ್ಕ ಪಾಲು. ಕಬ್ಬಿನ ಸಾಲು ಇರೋ ತಿಂಗಳು ರಾತ್ರಿ ಅಲ್ಲಿ ಸೈಡ್ ಹೊಡೆಯೋ ವಿಚಾರ ಬಿಟ್ಟು ಟ್ರೇಲರ್‌ಗೆ ದೂರ ಇಟ್ಟುಕೊಂಡು ಹಿಂದೆ ಹೋಗಿ. ಅದಕ್ಕೂ ಹಿಂದೆ ಲೈಟ್ ಇರಲ್ಲ.